ಎಂಟು ಸಾವಿರ ಹರ್ಟ್ಸ್ ಮೌಸೋ, ಒಂದು ಮೊಳ ವಯರೋ?

ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್‌ನಂಥ ಆಟಗಳಲ್ಲಿ ಎದುರಾಳಿ ಗೋಡೆಯ ಮರೆಯಿಂದ ಇಣುಕಿ, ಗುಂಡು ಹಾರಿಸಿ, ಮತ್ತೆ ಮರೆಯಾಗಲು ಅರ್ಧ ಸೆಕೆಂಡ್ ಸಾಕು. ಅಷ್ಟರೊಳಗೆ ನಮ್ಮ ಕೈ ಗುರಿ ಹಿಡಿದು ಕ್ಲಿಕ್ ಮಾಡಬೇಕು. ಇಂಥ ಆಟ ಆಡುವವರು ಅಂಗಡಿಗೆ ಹೋದರೆ ಮೌಸ್ ಡಬ್ಬಿಗಳ ಮೇಲೆ ಈಗ ಎರಡು ಸಂಗತಿ ಎದ್ದು ಕಾಣುತ್ತವೆ. ಒಂದು, ಪೋಲಿಂಗ್ ರೇಟ್: 1000, 4000, 8000 ಹರ್ಟ್ಸ್. ಇನ್ನೊಂದು, ಡಾಂಗಲ್ ಬಳಸುವ ವೈರ್‌ಲೆಸ್ ಮೌಸ್ ಕೂಡ ವಯರ್‌ನಷ್ಟೇ ವೇಗವಾಗಿದೆ ಎಂಬ ಮಾತು. ಬೆಲೆ ಎರಡು ಸಾವಿರದಿಂದ ಹದಿನೈದು ಸಾವಿರ ರೂಪಾಯಿವರೆಗೆ ಏರುವುದು ಬಹುಮಟ್ಟಿಗೆ ಇವೆರಡರ ಹೆಸರಿನಲ್ಲೇ. ಆದ್ದರಿಂದ ಇದರ ಲೆಕ್ಕವನ್ನು ಒಮ್ಮೆ ಕೂತು ಬಿಡಿಸುವುದು ಒಳ್ಳೆಯದು.

ಮೊದಲು ಪೋಲಿಂಗ್. ಮೌಸ್ ತಾನಾಗಿ ಕಂಪ್ಯೂಟರ್‌ಗೆ ಏನನ್ನೂ ಹೇಳುವಂತಿಲ್ಲ. ತರಗತಿಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ಮಾತ್ರ ಹುಡುಗರು ಬಾಯಿಬಿಡುವಂತೆ, ಯುಎಸ್‌ಬಿಯಲ್ಲಿ ಕಂಪ್ಯೂಟರ್ ಕೇಳಿದಾಗ ಮಾತ್ರ ಮೌಸ್ ಉತ್ತರ ಕೊಡುತ್ತದೆ. ಕಳೆದ ಸಲ ಕೇಳಿದ ಮೇಲೆ ಎಡಕ್ಕೆಷ್ಟು, ಮೇಲಕ್ಕೆಷ್ಟು ಸರಿದೆ, ಯಾವ ಬಟನ್ ಒತ್ತಿದೆ ಎಂಬಷ್ಟೇ ಆ ಉತ್ತರ. ಕೆಲವೇ ಬೈಟ್‌ಗಳ ವರದಿ. ಸೆಕೆಂಡಿಗೆ ಎಷ್ಟು ಸಲ ಹೀಗೆ ಕೇಳುತ್ತದೆ ಎಂಬುದೇ ಪೋಲಿಂಗ್ ರೇಟ್. ಸಾಮಾನ್ಯ ಆಫೀಸ್ ಮೌಸ್ ಅನ್ನು ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಕೇಳಲಾಗುತ್ತದೆ. ಗೇಮಿಂಗ್ ಮೌಸ್ ಅನ್ನು 1000 ಸಲ, 1 ಮಿಲಿಸೆಕೆಂಡಿಗೊಮ್ಮೆ.

ಯಾಕೆ 1000ಕ್ಕೆ ನಿಂತಿತ್ತು ಎಂದರೆ ಅದು ಯುಎಸ್‌ಬಿಯ ರಚನೆಯೇ. ಸೆಕೆಂಡಿಗೆ 12 ಮೆಗಾಬಿಟ್ ಸಾಗಿಸುವ ಫುಲ್ ಸ್ಪೀಡ್ ಯುಎಸ್‌ಬಿಯಲ್ಲಿ ಕಾಲವನ್ನು ಒಂದೊಂದು ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿದ್ದಾರೆ, ಅದಕ್ಕಿಂತ ಚಿಕ್ಕ ತುಂಡಿಲ್ಲ. 2000ದಲ್ಲಿ ಬಂದ ಯುಎಸ್‌ಬಿ 2.0 ಹೈ ಸ್ಪೀಡ್‌ನಲ್ಲಿ ಆ ತುಂಡನ್ನು ಎಂಟು ಮಾಡಿದರು, ಒಂದೊಂದೂ 125 ಮೈಕ್ರೋಸೆಕೆಂಡ್. ಮೌಸ್‌ನೊಳಗಿನ ಚಿಪ್ ಹೈ ಸ್ಪೀಡ್‌ನದಾದರೆ ಸೆಕೆಂಡಿಗೆ 8000 ವರದಿ ಸಾಧ್ಯ. 2021ರಲ್ಲಿ ರೇಜರ್ ಕಂಪನಿ ವೈಪರ್ 8ಕೆ ಎಂಬ ವಯರ್ ಮೌಸ್‌ನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಈಗ ಡಾಂಗಲ್ ಮೌಸ್‌ಗಳಲ್ಲೂ ಅದೇ ಸಂಖ್ಯೆ ಕಾಣುತ್ತದೆ.

ಸಂಖ್ಯೆ ಏರಿದರೆ ಲಾಭವೆಷ್ಟು? ಮೌಸ್ ಸರಿದ ಕ್ಷಣಕ್ಕೂ ಕಂಪ್ಯೂಟರ್ ಕೇಳುವ ಕ್ಷಣಕ್ಕೂ ನಡುವಿನ ಕಾಯುವಿಕೆ ಸರಾಸರಿಯಲ್ಲಿ ಅಂತರದ ಅರ್ಧ. 125 ಹರ್ಟ್ಸ್‌ನಲ್ಲಿ 4 ಮಿಲಿಸೆಕೆಂಡ್. 1000ದಲ್ಲಿ ಅರ್ಧ ಮಿಲಿಸೆಕೆಂಡ್. 8000ದಲ್ಲಿ ಒಂದು ಮಿಲಿಸೆಕೆಂಡಿನ ಹದಿನಾರನೇ ಒಂದು ಭಾಗ. ಮೊದಲನೇ ಮೆಟ್ಟಿಲು ಹತ್ತಿದರೆ ಮೂರೂವರೆ ಮಿಲಿಸೆಕೆಂಡ್ ಉಳಿಯುತ್ತದೆ. ಎರಡನೇ ಮೆಟ್ಟಿಲಿನಲ್ಲಿ ಅರ್ಧ ಮಿಲಿಸೆಕೆಂಡೂ ಉಳಿಯುವುದಿಲ್ಲ. ಎರಡೂ ಕಡೆ ಎಂಟು ಪಟ್ಟು ಏರಿಕೆಯೇ, ಆದರೆ ಉಳಿಸುವುದಕ್ಕೆ ಮೇಲೆ ಹೆಚ್ಚೇನೂ ಬಾಕಿಯಿರುವುದಿಲ್ಲ.

ಈ ಮೂರೂವರೆ ಮಿಲಿಸೆಕೆಂಡಿಗಿಂತ ದೊಡ್ಡದು ಇನ್ನೊಂದಿದೆ, ಅದು ಕಣ್ಣಿಗೇ ಕಾಣುತ್ತದೆ. ಈಗ ಬಹಳ ಮಂದಿ ಬಳಸುವ 144 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು, ಆಟವೂ ಸೆಕೆಂಡಿಗೆ 144 ಫ್ರೇಮ್ ಕೊಡುತ್ತಿದೆ ಎಂದುಕೊಳ್ಳಿ. ಮೌಸ್ 125 ವರದಿ ಕೊಡುತ್ತದೆ. 144 ಚಿತ್ರಗಳಿಗೆ 125 ವರದಿ ಹಂಚಬೇಕು. ಹಾಗಾಗಿ ಪ್ರತಿ ಸೆಕೆಂಡಿನಲ್ಲಿ ಕನಿಷ್ಠ 19 ಫ್ರೇಮ್‌ಗಳಿಗೆ ಹೊಸ ವರದಿಯೇ ಸಿಗುವುದಿಲ್ಲ. ಕೈ ಸಮನಾಗಿ ಸರಿಯುತ್ತಿದ್ದರೂ ಆ ಫ್ರೇಮ್‌ಗಳಲ್ಲಿ ಚಿತ್ರ ನಿಂತಲ್ಲೇ ನಿಂತು, ಮುಂದಿನ ಫ್ರೇಮ್‌ನಲ್ಲಿ ಮತ್ತೆ ಸಾಗುತ್ತದೆ. ಆಟಗಾರರು ‘ಮೌಸ್ ಒರಟಾಗಿದೆ’, ‘ಜರ್ಕ್ ಹೊಡೀತಿದೆ’ ಎನ್ನುವುದು ಇದನ್ನೇ. 1000 ಹರ್ಟ್ಸ್‌ಗೆ ಏರಿಸಿದರೆ ಪ್ರತಿ ಫ್ರೇಮ್‌ಗೂ ಆರೋ ಏಳೋ ವರದಿ ಸಿಗುತ್ತವೆ, ಏರುಪೇರು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 8000ದಲ್ಲಿ 55 ಅಥವಾ 56. ಏರುಪೇರು ಇನ್ನೂ ಇಳಿಯುತ್ತದೆ ನಿಜ, ಆದರೆ ಅದನ್ನು ಗುರುತಿಸಲು 360 ಹರ್ಟ್ಸ್‌ನಂಥ ಮಾನಿಟರ್ ಮತ್ತು ಅಷ್ಟು ಫ್ರೇಮ್ ತಡೆಯಿಲ್ಲದೆ ಕೊಡುವ ಕಂಪ್ಯೂಟರ್ ಬೇಕು. 60 ಹರ್ಟ್ಸ್ ಮಾನಿಟರ್ ಇರುವವರು 8000 ಹರ್ಟ್ಸ್ ಮೌಸ್‌ಗೆ ಹಾಕುವ ದುಡ್ಡನ್ನು ಮಾನಿಟರ್‌ಗೆ ಹಾಕಬೇಕು. 60ರಲ್ಲಿ ಒಂದೊಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 7. ಅಲ್ಲಿ ಸಿಗುವ ಉಳಿತಾಯದ ಮುಂದೆ ಮೌಸ್‌ನ ಅರ್ಧ ಮಿಲಿಸೆಕೆಂಡ್ ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ ಇನ್ನೊಂದು ಮಿತಿಯಿದೆ. ಅದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಮೌಸ್‌ನ ಡಿಪಿಐ ಎಂದರೆ ಒಂದು ಇಂಚು ಸರಿದರೆ ಸೆನ್ಸರ್ ಎಣಿಸುವ ಹೆಜ್ಜೆಗಳು. 800 ಡಿಪಿಐ ಇಟ್ಟು, ಗುರಿಯ ಕೊನೆಯ ಹಂತದಲ್ಲಿ ಮೆಲ್ಲಗೆ, ಸೆಕೆಂಡಿಗೆ ಒಂದು ಇಂಚಿನ ವೇಗದಲ್ಲಿ ಮೌಸ್ ಸರಿಸುತ್ತಿದ್ದರೆ ಸೆಕೆಂಡಿಗೆ ಹುಟ್ಟುವುದೇ 800 ಹೆಜ್ಜೆ. ಕಂಪ್ಯೂಟರ್ 8000 ಸಲ ಕೇಳಿದರೂ ಹತ್ತರಲ್ಲಿ ಒಂಬತ್ತು ಸಲ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ಹೇಳುವುದಕ್ಕೆ ಸುದ್ದಿಯೇ ಇಲ್ಲದಿದ್ದರೆ ಕೇಳುವ ವೇಗದಿಂದ ಏನು ಪ್ರಯೋಜನ? ಅದಕ್ಕೇ 1000ಕ್ಕಿಂತ ಮೇಲೆ ಹೋಗುವವರು ಡಿಪಿಐಯನ್ನು 1600ಕ್ಕೆ ಏರಿಸಿ, ಆಟದೊಳಗಿನ ಸೆನ್ಸಿಟಿವಿಟಿಯನ್ನು ಅರ್ಧಕ್ಕೆ ಇಳಿಸಬೇಕು. ಕೌಂಟರ್-ಸ್ಟ್ರೈಕ್‌ನಲ್ಲಿ 800 ಡಿಪಿಐಗೆ 1.6 ಇಟ್ಟಿದ್ದವರು 1600ಕ್ಕೆ 0.8 ಇಟ್ಟರೆ ಕೈ ಸರಿಸುವ ದೂರ ಮೊದಲಿನಷ್ಟೇ ಇರುತ್ತದೆ. ಹೆಜ್ಜೆಗಳು ಮಾತ್ರ ಸಣ್ಣವಾಗಿ, ಎರಡು ಪಟ್ಟಾಗುತ್ತವೆ. ಡೆಸ್ಕ್‌ಟಾಪ್‌ನಲ್ಲಿ ಬಾಣ ವೇಗವಾಗಿ ಓಡುತ್ತದೆ, ಅದಕ್ಕೆ ವಿಂಡೋಸ್‌ನಲ್ಲಿ ಬೇರೆ ಸೆಟ್ಟಿಂಗ್ ಇದೆ.

ಏರಿಸುವ ಕೆಲಸವೇನೂ ಕಷ್ಟದ್ದಲ್ಲ. ಲಾಜಿಟೆಕ್‌ನ G HUBನಲ್ಲಿ Report Rate ಎಂದೂ, ರೇಜರ್‌ನ Synapseನಲ್ಲಿ Polling Rate ಎಂದೂ ಆಯ್ಕೆ ಕಾಣುತ್ತದೆ. ಕೆಲವು ಮೌಸ್‌ಗಳಲ್ಲಿ ಹೊಟ್ಟೆಯ ಕೆಳಗೊಂದು ಬಟನ್ ಇರುತ್ತದೆ. ಮೌಸ್ ಅಥವಾ ಡಾಂಗಲ್ ಅನ್ನು ಹಬ್‌ಗೆ ಸಿಕ್ಕಿಸದೆ ನೇರವಾಗಿ ಮದರ್‌ಬೋರ್ಡಿನ ಪೋರ್ಟ್‌ಗೆ ಹಾಕುವುದು ಒಳ್ಳೆಯದು. ಲಿನಕ್ಸ್ ಬಳಸುವವರು ಕರ್ನಲ್ ತನ್ನ ಅಂತರವನ್ನು ಹೇರುತ್ತಿದೆಯೇ ಎಂದು ಹೀಗೆ ನೋಡಬಹುದು:

```
cat /sys/module/usbhid/parameters/mousepoll
```

ಉತ್ತರ 0 ಬಂದರೆ ಮೌಸ್ ತಾನು ಕೇಳಿಕೊಂಡ ಅಂತರವನ್ನೇ ಪಡೆಯುತ್ತಿದೆ ಎಂದರ್ಥ. ಹಳೆಯ 125 ಹರ್ಟ್ಸ್ ಮೌಸ್ ಅನ್ನು ಬಲವಂತವಾಗಿ ಏರಿಸುವ ಉಪಾಯಗಳೂ ಇವೆ. ಲಿನಕ್ಸ್‌ನಲ್ಲಿ ಇದೇ ಮೌಲ್ಯವನ್ನು ಬದಲಿಸುವುದು, ವಿಂಡೋಸ್‌ನಲ್ಲಿ hidusbf ಎಂಬ ಡ್ರೈವರ್ ಹಾಕುವುದು. ವಿಂಡೋಸ್‌ನ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಹೊರಗಿನ ಡ್ರೈವರ್ ಒಳಗೆ ಬರಲು ವಿಂಡೋಸ್‌ನ ಭದ್ರತೆಯನ್ನು ಸಡಿಲಿಸಬೇಕಾಗಬಹುದು, ಮೋಸದಾಟ ತಡೆಯುವ ತಂತ್ರಾಂಶಗಳು ಇಂಥ ಡ್ರೈವರನ್ನು ಅನುಮಾನದಿಂದ ನೋಡಬಹುದು. ಅದಕ್ಕೂ ಮಿಗಿಲಾಗಿ, ಅಗ್ಗದ ಮೌಸ್‌ನ ಚಿಪ್ ಅಷ್ಟು ಬೇಗ ಹೊಸ ಲೆಕ್ಕ ಸಿದ್ಧಪಡಿಸದಿದ್ದರೆ ಬೇಗ ಕೇಳಿ ಸಿಗುವುದೇನೂ ಇಲ್ಲ. ವಯರ್ ಇರುವ ಸಾಧಾರಣ 1000 ಹರ್ಟ್ಸ್ ಮೌಸ್ ಈಗ ಸಾವಿರ ರೂಪಾಯಿ ಆಸುಪಾಸಿನಲ್ಲೇ ಸಿಗುವಾಗ ಈ ಕಸರತ್ತು ಬೇಡ.

8000ಕ್ಕೆ ಏರಿಸಿದ ಮೇಲೆ ಆಟ ಇನ್ನೂ ಕೆಟ್ಟದ್ದೂ ಉಂಟು. ಪ್ರತಿ ವರದಿಯೂ ಪ್ರೊಸೆಸರ್‌ಗೆ ಒಂದು ಕೆಲಸ: ವರದಿ ಬಂದಾಗ ಅದು ನಿಂತು ನೋಡಬೇಕು, ವಿಂಡೋಸ್ ಅದನ್ನು ಆಟಕ್ಕೆ ದಾಟಿಸಬೇಕು, ಆಟ ಎಣಿಸಬೇಕು. ಸೆಕೆಂಡಿಗೆ 200 ಫ್ರೇಮ್ ಓಡುವಾಗ 1000 ಹರ್ಟ್ಸ್‌ನಲ್ಲಿ ಫ್ರೇಮ್‌ಗೆ 5 ವರದಿ, 8000ದಲ್ಲಿ 40. ಆಟ ಇವನ್ನು ಒಂದೊಂದಾಗಿ ಎತ್ತಿಕೊಳ್ಳುವಂತೆ ಬರೆದಿದ್ದರೆ ಸಾಧಾರಣ ಪ್ರೊಸೆಸರ್ ತೊಳಲುತ್ತದೆ. ವ್ಯಾಲರಂಟ್‌ನಲ್ಲಿ Raw Input Buffer ಎಂಬ ಆಯ್ಕೆ ಇರುವುದು ಇದಕ್ಕೇ, ಅದನ್ನು ಆನ್ ಮಾಡಿದರೆ ವರದಿಗಳನ್ನು ಗುಂಪಾಗಿ ಎತ್ತಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಓಡುವ ಚಾಟ್, ರೆಕಾರ್ಡಿಂಗ್ ತಂತ್ರಾಂಶಗಳೂ ಮೌಸ್ ವರದಿಗೆ ಕಿವಿಗೊಟ್ಟಿದ್ದರೆ ಹೊರೆ ಇನ್ನೂ ಏರುತ್ತದೆ. 2023ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ರಲ್ಲಿ ಹಿನ್ನೆಲೆಯ ಇಂಥ ಕಿವಿಗಳಿಗೆ ಹೋಗುವ ವರದಿಗಳನ್ನು ಕಡಿಮೆ ಮಾಡಿ ಈ ತೊಂದರೆಯನ್ನು ಬಹಳಷ್ಟು ತಗ್ಗಿಸಿತು. ವಿಂಡೋಸ್ 10ರಲ್ಲೇ ಇರುವವರು 8000ದ ಆಸೆ ಬಿಡುವುದು ಮೇಲು.

ನಿಮ್ಮ ಕಂಪ್ಯೂಟರ್ ತಡೆದುಕೊಳ್ಳುತ್ತಿದೆಯೇ ಎಂದು ತಿಳಿಯುವುದು ಸುಲಭ. ಆಟದೊಳಗೆ ಫ್ರೇಮ್ ರೇಟ್ ತೋರಿಸುವ ಅಂಕಿ ತೆರೆದಿಡಿ. ನಿಂತಲ್ಲೇ ನಿಂತು ಮೌಸ್ ಮುಟ್ಟದೆ ಅಂಕಿ ನೋಡಿ. ಆಮೇಲೆ ಮೌಸ್ ಅನ್ನು ಬೇಗಬೇಗ ಸಣ್ಣ ವೃತ್ತದಲ್ಲಿ ತಿರುಗಿಸಿ ಮತ್ತೆ ನೋಡಿ. ತಿರುಗಿಸುವಾಗ ದೃಶ್ಯ ಬದಲಾಗುವುದರಿಂದ ಅಂಕಿ ಸ್ವಲ್ಪ ಅಲುಗುವುದು ಸಹಜ. ಇದನ್ನೇ 1000ದಲ್ಲೂ 8000ದಲ್ಲೂ ಮಾಡಿ ಹೋಲಿಸಿ. 8000ದಲ್ಲಿ ಮಾತ್ರ ಅಂಕಿ ಕುಸಿಯುತ್ತಿದ್ದರೆ, ಅರ್ಧ ಮಿಲಿಸೆಕೆಂಡ್ ಉಳಿಸಲು ಹೋಗಿ ನೀವು ಹಲವಾರು ಮಿಲಿಸೆಕೆಂಡ್ ಕಳೆದುಕೊಳ್ಳುತ್ತಿದ್ದೀರಿ. 2000 ಅಥವಾ 1000ಕ್ಕೆ ಇಳಿದುಬಿಡಿ.

ಈಗ ಡಾಂಗಲ್‌ಗೆ ಬರೋಣ. ವೈರ್‌ಲೆಸ್ ಮೌಸ್ ನಿಧಾನ ಎಂಬ ನಂಬಿಕೆಗೆ ಒಂದು ಕಾಲದಲ್ಲಿ ಗಟ್ಟಿ ಕಾರಣವಿತ್ತು. ಆಫೀಸಿಗೆಂದು ಮಾಡಿದ ವೈರ್‌ಲೆಸ್ ಮೌಸ್‌ಗಳು ಬ್ಯಾಟರಿ ಉಳಿಸಲು 125 ಹರ್ಟ್ಸ್‌ನಲ್ಲೇ ಓಡುತ್ತವೆ, ಸ್ವಲ್ಪ ಹೊತ್ತು ಅಲುಗದಿದ್ದರೆ ನಿದ್ದೆ ಹೋಗುತ್ತವೆ, ಏಳಲು ಸಮಯ ತೆಗೆದುಕೊಳ್ಳುತ್ತವೆ. ಬ್ಲೂಟೂತ್ ಮೌಸ್ ಅಂತೂ ವೇಗದ ಆಟಕ್ಕೆ ಸಲ್ಲ. ಕಡಿಮೆ ವಿದ್ಯುತ್ತಿನ ಬ್ಲೂಟೂತ್‌ನಲ್ಲಿ ಎರಡು ಸಂಪರ್ಕಗಳ ನಡುವೆ ಕನಿಷ್ಠ ಏಳೂವರೆ ಮಿಲಿಸೆಕೆಂಡ್ ಅಂತರ ಇರುವುದು ಅದರ ರೂಢಿ, ಅಂದರೆ ಸಾಮಾನ್ಯವಾಗಿ 133 ಹರ್ಟ್ಸ್ ದಾಟುವುದಿಲ್ಲ. ಒಂದೇ ಮೌಸ್‌ನಲ್ಲಿ ಬ್ಲೂಟೂತ್, ಡಾಂಗಲ್ ಎರಡೂ ಇರುವುದುಂಟು. ಕೆಳಗಿನ ಸ್ವಿಚ್ ತಪ್ಪಿ ಬ್ಲೂಟೂತ್ ಕಡೆಗಿದ್ದು, ಮೌಸ್ ಕೆಟ್ಟಿದೆ ಎಂದುಕೊಂಡವರು ಇದ್ದಾರೆ.

ಗೇಮಿಂಗ್ ಡಾಂಗಲ್‌ಗಳು ಬ್ಲೂಟೂತ್‌ನ ನಿಯಮಗಳನ್ನು ಬಿಟ್ಟು, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಕಂಪನಿಯ ಸ್ವಂತ ಭಾಷೆಯಲ್ಲಿ ಮಾತಾಡುತ್ತವೆ. ಮೌಸ್ ಒಂದು ಚಿಕ್ಕ ಪೊಟ್ಟಣ ಕಳಿಸುತ್ತದೆ, ಡಾಂಗಲ್ ‘ಬಂತು’ ಎಂದು ಉತ್ತರಿಸುತ್ತದೆ. ಉತ್ತರ ಬಾರದಿದ್ದರೆ ಮೌಸ್ ಮತ್ತೆ ಕಳಿಸುತ್ತದೆ, ಆ ಚಾನಲ್‌ನಲ್ಲಿ ಗದ್ದಲವಿದ್ದರೆ ಬೇರೆ ಚಾನಲ್‌ಗೆ ಜಿಗಿಯುತ್ತದೆ. ಆಮೇಲೆ ಡಾಂಗಲ್ ಕೂಡ ಒಂದು ಯುಎಸ್‌ಬಿ ಸಾಧನವೇ, ಕಂಪ್ಯೂಟರ್ ಕೇಳುವವರೆಗೆ ಅದೂ ಕಾಯಬೇಕು. ಜಾಣತನವಿರುವುದು ಈ ಎರಡು ಗಡಿಯಾರಗಳನ್ನು ಹೊಂದಿಸುವುದರಲ್ಲಿ. ಕಂಪ್ಯೂಟರ್ ಕೇಳುವ ಕ್ಷಣಕ್ಕೆ ಸ್ವಲ್ಪ ಮುಂಚೆ ಪೊಟ್ಟಣ ಡಾಂಗಲ್ ಸೇರುವಂತೆ ಮೌಸ್ ಲೆಕ್ಕ ಹಾಕಿ ಕಳಿಸಿದರೆ ಕಾಯುವಿಕೆ ಎರಡು ಸಲ ಆಗುವುದಿಲ್ಲ. 2016ರಲ್ಲಿ ಲಾಜಿಟೆಕ್ ಜಿ900 ಬಂದ ಮೇಲೆ ಇಂಥ ಮೌಸ್‌ಗಳ ಗುಣಮಟ್ಟ ಮೇಲೇರುತ್ತ ಬಂತು. ಇವತ್ತು ಒಳ್ಳೆಯ ಡಾಂಗಲ್ ಮೌಸ್‌ಗೂ ಒಳ್ಳೆಯ ವಯರ್ ಮೌಸ್‌ಗೂ ವ್ಯತ್ಯಾಸ ಒಂದು ಮಿಲಿಸೆಕೆಂಡಿನ ಆಸುಪಾಸು. ವೃತ್ತಿ ಆಟಗಾರರಲ್ಲಿ ಬಹುಪಾಲು ಜನ ವೈರ್‌ಲೆಸ್ ಹಿಡಿದಿರುವುದು ಈ ಕಾರಣಕ್ಕೆ: ಒಂದು ಮಿಲಿಸೆಕೆಂಡಿಗಿಂತ ಮೇಜಿನಂಚಿಗೆ ಉಜ್ಜಿ ಎಳೆಯುವ ವಯರ್ ಅವರ ಗುರಿಯನ್ನು ಹೆಚ್ಚು ಕೆಡಿಸುತ್ತದೆ.

ಹಾಗಾದರೆ ವೈರ್‌ಲೆಸ್ ಬಗ್ಗೆ ಇನ್ನೂ ಬರುವ ದೂರುಗಳೆಲ್ಲ ಸುಳ್ಳೇ? ಸುಳ್ಳಲ್ಲ. ನಾನು ಇಡೀ ವಿಷಯದಲ್ಲಿ ಒತ್ತಿ ಹೇಳಬೇಕೆಂದಿರುವುದು ಇಲ್ಲೇ ಇದೆ. ವಯರ್‌ಗೂ ಡಾಂಗಲ್‌ಗೂ ಇರುವ ನಿಜವಾದ ವ್ಯತ್ಯಾಸ ಸರಾಸರಿಯಲ್ಲಿ ಸಿಗುವುದಿಲ್ಲ. ಅದು ಕೆಟ್ಟ ಗಳಿಗೆಗಳಲ್ಲಿದೆ. ವಯರ್‌ನಲ್ಲಿ ಪ್ರತಿ ವರದಿಯೂ ಒಂದೇ ತೆರನಾಗಿ ತಲುಪುತ್ತದೆ. ರೇಡಿಯೋದಲ್ಲಿ ಸಾವಿರದಲ್ಲಿ ಒಂಬೈನೂರ ತೊಂಬತ್ತು ಸೊಗಸಾಗಿ ತಲುಪಿ, ಹತ್ತು ಮಾತ್ರ 10 ಅಥವಾ 20 ಮಿಲಿಸೆಕೆಂಡ್ ತಡವಾದರೆ ಸರಾಸರಿ ಕದಲುವುದಿಲ್ಲ, ಆದರೆ ಗುರಿ ಆ ಹತ್ತರಲ್ಲೇ ತಪ್ಪುತ್ತದೆ.

ನನ್ನ ಅಕ್ಕನ ಮಗನ ಕಂಪ್ಯೂಟರ್‌ನಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಬೆಂಗಳೂರಿನ ಅಪಾರ್ಟ್‌ಮೆಂಟ್, 144 ಹರ್ಟ್ಸ್ ಮಾನಿಟರ್, 1000 ಹರ್ಟ್ಸ್ ಡಾಂಗಲ್ ಮೌಸ್. ಸಂಜೆ ಹೊತ್ತು ಆಡುವಾಗ ಆಗಾಗ ಗುರಿ ಹಿಡಿದಲ್ಲೇ ಅಂಟಿಕೊಂಡು, ತಟಕ್ಕನೆ ಮುಂದಕ್ಕೆ ಹಾರುತ್ತಿತ್ತು. “ಮಾಮ, ವೈರ್‌ಲೆಸ್ ಅಂದ್ರೆ ಇಷ್ಟೇ ಅನ್ಸತ್ತೆ. ವಯರ್ ಇರೋದೇ ಒಂದು ತಗೊಂಡ್‌ಬಿಡ್ಲಾ?” ಎಂದು ಕೇಳಿದ. ತಗೊಳ್ಳುವ ಮುಂಚೆ ಅಳೆದು ನೋಡೋಣ ಎಂದೆ.

ಅಳೆಯಲು MouseTester ಎಂಬ ಪುಟ್ಟ ಉಚಿತ ತಂತ್ರಾಂಶ ವಿಂಡೋಸ್‌ಗೆ ಸಿಗುತ್ತದೆ. ಬ್ರೌಸರ್‌ನಲ್ಲಿ ತೆರೆದು ಪೋಲಿಂಗ್ ರೇಟ್ ನೋಡುವ ಪುಟಗಳೂ ಬಹಳ ಇವೆ. ಅವುಗಳನ್ನು ನೆಚ್ಚಬೇಡಿ, ಏಕೆಂದರೆ ಬ್ರೌಸರ್ ಮೌಸ್ ವರದಿಗಳನ್ನು ಪರದೆಯ ಫ್ರೇಮ್‌ಗೆ ತಕ್ಕಂತೆ ಒಟ್ಟುಗೂಡಿಸಿ ಕೊಡುವುದರಿಂದ ಅಂಕಿ ತಪ್ಪುತ್ತದೆ. MouseTesterನಲ್ಲಿ ದಾಖಲೆ ಶುರು ಮಾಡಿ, ಮೌಸ್ ಅನ್ನು ಕೆಲವು ಸೆಕೆಂಡು ಬಿಡದೆ ವೇಗವಾಗಿ ವೃತ್ತದಲ್ಲಿ ತಿರುಗಿಸಿ, ನಿಲ್ಲಿಸಿ, Plot ಒತ್ತಿ Interval vs. Time ಎಂಬ ಚಿತ್ರ ಆರಿಸಿಕೊಳ್ಳಬೇಕು. ಮೆಲ್ಲಗೆ ಸರಿಸಿದರೆ ಸುದ್ದಿಯೇ ಇಲ್ಲದ ಖಾಲಿ ಅಂತರಗಳು ದೋಷದಂತೆ ಕಾಣುತ್ತವೆ, ಆದ್ದರಿಂದ ಕೈ ಬೇಗ ಆಡಬೇಕು. ಪ್ರತಿ ವರದಿಯೂ ಒಂದೊಂದು ಚುಕ್ಕಿ. 1000 ಹರ್ಟ್ಸ್ ಮೌಸ್ ಸರಿಯಿದ್ದರೆ ಚುಕ್ಕಿಗಳೆಲ್ಲ 1 ಮಿಲಿಸೆಕೆಂಡಿನ ಗೆರೆಯ ಸುತ್ತ ಪಟ್ಟಿಯಂತೆ ಕೂರುತ್ತವೆ. 2ರ ಗೆರೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ ಇದ್ದರೆ ಒಂದೊಂದು ವರದಿ ತಪ್ಪಿದೆ ಅಷ್ಟೇ, ಚಿಂತೆಯಿಲ್ಲ. ಅವನ ಚಿತ್ರದಲ್ಲಿ ಪಟ್ಟಿಯೇನೋ ಚೆನ್ನಾಗಿತ್ತು, ಆದರೆ ಮೇಲೆ 8ರಲ್ಲಿ, 12ರಲ್ಲಿ, 20ರ ಹತ್ತಿರ ಚುಕ್ಕಿಗಳು ಗೊಂಚಲು ಗೊಂಚಲಾಗಿ ಎದ್ದಿದ್ದವು. ಅದೇ ಮೌಸ್‌ಗೆ ಚಾರ್ಜಿಂಗ್ ಕೇಬಲ್ ಸಿಕ್ಕಿಸಿ ಅಳೆದಾಗ ಒಂದೂ ಇಲ್ಲ. ಹಾಗಾದರೆ ಸೆನ್ಸರ್ ಸರಿಯಿದೆ, ಕಂಪ್ಯೂಟರ್ ಸರಿಯಿದೆ, ತೊಂದರೆ ಗಾಳಿಯಲ್ಲಿದೆ.

ಕಂಪ್ಯೂಟರ್ ಹಿಂದೆ ಬಗ್ಗಿ ನೋಡಿದೆವು. ಡಾಂಗಲ್ ಕ್ಯಾಬಿನೆಟ್ ಹಿಂದಿನ ನೀಲಿ ಯುಎಸ್‌ಬಿ 3 ಪೋರ್ಟ್‌ನಲ್ಲಿತ್ತು. ಅದಕ್ಕಂಟಿಕೊಂಡ ಪಕ್ಕದ ಪೋರ್ಟ್‌ನಲ್ಲಿ ಹೊರಗಿನ ಹಾರ್ಡ್ ಡಿಸ್ಕ್. ಮೌಸ್‌ಗೂ ಡಾಂಗಲ್‌ಗೂ ನಡುವೆ ಮೇಜಿನ ಹಲಗೆ, ಕಬ್ಬಿಣದ ಕ್ಯಾಬಿನೆಟ್. ಯುಎಸ್‌ಬಿ 3ರ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಅದರ ಕೇಬಲ್, ಕನೆಕ್ಟರ್‌ಗಳಿಂದ ಹರಡುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಮುಚ್ಚಿಕೊಳ್ಳುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು ವರದಿ ಪ್ರಕಟಿಸಿತ್ತು. ವೈರ್‌ಲೆಸ್ ಮೌಸ್ ಡಾಂಗಲ್ ಇಂಥ ಪೋರ್ಟ್‌ಗೆ ಹತ್ತಿರವಾದಷ್ಟೂ ತೊಂದರೆ ಹೆಚ್ಚು ಎಂಬುದು ಅದರ ಸಾರ. ಡಿಸ್ಕ್‌ಗೆ ಒಂದು ದೊಡ್ಡ ಫೈಲ್ ನಕಲು ಹಚ್ಚಿ ಮತ್ತೆ ಅಳೆದೆವು, ಚುಕ್ಕಿಗಳ ಗೊಂಚಲು ದಟ್ಟವಾಯಿತು. ನಕಲು ನಿಲ್ಲಿಸಿದೆವು, ತೆಳುವಾಯಿತು. ಕಾರಣ ಕೈಗೆ ಸಿಕ್ಕಿತು.

ಪರಿಹಾರ ಮೌಸ್ ಡಬ್ಬಿಯೊಳಗೇ ಇತ್ತು. ಇಂಥ ಮೌಸ್‌ಗಳ ಜತೆ ಸಾಮಾನ್ಯವಾಗಿ ಒಂದು ಎಕ್ಸ್‌ಟೆನ್ಷನ್ ತುಂಡೋ, ಚಾರ್ಜಿಂಗ್ ಕೇಬಲ್‌ನ ತುದಿಗೆ ಡಾಂಗಲ್ ಸಿಕ್ಕಿಸುವ ಅಡಾಪ್ಟರೋ ಬರುತ್ತದೆ. ಬಹಳ ಜನ ಅದನ್ನು ಡಬ್ಬಿಯಲ್ಲೇ ಬಿಟ್ಟು ಅಟ್ಟಕ್ಕೆ ಹಾಕುತ್ತಾರೆ. ಕೇಬಲ್ಲನ್ನು ಹಿಂದಿನ ಯುಎಸ್‌ಬಿ 2 ಪೋರ್ಟ್‌ಗೆ ಹಾಕಿ, ಡಾಂಗಲ್ ಅನ್ನು ಮೇಜಿನ ಮೇಲೆ ತಂದು ಮೌಸ್‌ಪ್ಯಾಡಿನಿಂದ ಒಂದು ಗೇಣು ದೂರದಲ್ಲಿ ಇಟ್ಟೆವು. ಗೊಂಚಲುಗಳು ಹೋದವು. ಆದರೂ ಸಂಜೆ ಹೊತ್ತು ಒಂದೆರಡು ಚುಕ್ಕಿ ಏಳುತ್ತಿದ್ದವು. ಅದು ವೈಫೈ. 2.4ರ ಪಟ್ಟಿ ಇರುವುದೇ 83.5 ಮೆಗಾಹರ್ಟ್ಸ್ ಅಗಲ, ಅದರಲ್ಲಿ ಒಂದೊಂದು ವೈಫೈ ಚಾನಲ್ ಸುಮಾರು 20 ಮೆಗಾಹರ್ಟ್ಸ್ ತಿನ್ನುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮೇಲೆ, ಕೆಳಗೆ, ಪಕ್ಕದಲ್ಲಿ ಎಲ್ಲರ ರೌಟರ್‌ಗಳೂ ಅಲ್ಲೇ ಕೂತಿರುತ್ತವೆ. ನೆರೆಯವರ ರೌಟರ್ ನಮ್ಮ ಕೈಯಲ್ಲಿಲ್ಲ. ನಮ್ಮದನ್ನು ಮೇಜಿನಿಂದ ದೂರವಿಟ್ಟು, ಮನೆಯ ಟಿವಿ, ಫೋನ್‌ಗಳನ್ನು 5 ಗಿಗಾಹರ್ಟ್ಸ್‌ಗೆ ವರ್ಗಾಯಿಸಿದೆವು. ಆ ಮೌಸ್ ಈಗಲೂ ಅದೇ ಮೇಜಿನ ಮೇಲಿದೆ.

ಇದೇ ಜಾಗದಲ್ಲಿ 8000 ಹರ್ಟ್ಸ್‌ನ ವೈರ್‌ಲೆಸ್ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಮೌಸ್ ರೇಡಿಯೋ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತದೆ ಎಂದು ಇಟ್ಟುಕೊಂಡರೆ ಒಂದು ಮಿಲಿಸೆಕೆಂಡಿನಲ್ಲಿ 2000 ಬಿಟ್‌ಗಳಿಗೆ ಜಾಗವಿದೆ. ಪೊಟ್ಟಣ ಕಳೆದುಹೋದರೆ ಅದೇ ಮಿಲಿಸೆಕೆಂಡಿನಲ್ಲಿ ಮತ್ತೆ, ಮತ್ತೊಮ್ಮೆ ಕಳಿಸಬಹುದು, ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ. 125 ಮೈಕ್ರೋಸೆಕೆಂಡಿನಲ್ಲಿ ಸಿಗುವುದು ಬರೀ 250 ಬಿಟ್, ಅಂದರೆ 31 ಬೈಟ್. ಅದರಲ್ಲೇ ವಿಳಾಸ, ವರದಿ, ತಪ್ಪು ಪತ್ತೆಯ ಸಂಖ್ಯೆ, ರೇಡಿಯೋ ಕಳಿಸುವುದರಿಂದ ಕೇಳುವುದಕ್ಕೆ ಮಗ್ಗುಲು ಬದಲಿಸುವ ಸಮಯ, ಡಾಂಗಲ್‌ನ ಉತ್ತರ ಎಲ್ಲವೂ ಹಿಡಿಯಬೇಕು. ಒಮ್ಮೆ ಕಳಿಸುವುದೇ ಕಷ್ಟ, ಮರುಯತ್ನಕ್ಕೆ ಜಾಗವೆಲ್ಲಿ? ಹಾಗಾಗಿ ಡಾಂಗಲ್ ದೂರವಿದ್ದಾಗ ಮೊದಲು ಕುಸಿಯುವುದು 8000. ಬ್ಯಾಟರಿಯೂ ಹಾಗೆಯೇ. ರೇಜರ್‌ನ ವೈಪರ್ ವಿ3 ಪ್ರೋಗೆ ಕಂಪನಿ ಹೇಳುವ ಲೆಕ್ಕವೇ 1000 ಹರ್ಟ್ಸ್‌ನಲ್ಲಿ 95 ಗಂಟೆ, 8000ದಲ್ಲಿ 17 ಗಂಟೆ. ವಾರಗಟ್ಟಲೆ ಓಡುವ ಮೌಸ್ ಅನ್ನು ದಿನ ಬಿಟ್ಟು ದಿನ ಚಾರ್ಜ್‌ಗೆ ಹಾಕಬೇಕಾಗುತ್ತದೆ.

ಒಂದು ಎಚ್ಚರಿಕೆ. MouseTester ತೋರಿಸುವುದು ವರದಿಗಳ ನಡುವಿನ ಅಂತರವನ್ನು ಮಾತ್ರ. ಎಲ್ಲ ವರದಿಗಳೂ ಒಂದೇ ಸಮನಾಗಿ 10 ಮಿಲಿಸೆಕೆಂಡ್ ತಡವಾಗಿ ಬಂದರೂ ಅಂತರ 1 ಎಂದೇ ಕಾಣುತ್ತದೆ, ಚಿತ್ರ ಸೊಗಸಾಗಿರುತ್ತದೆ. ಒಟ್ಟು ತಡವನ್ನು ನೋಡಲು ಬೆರಳು ಕ್ಲಿಕ್ ಮಾಡುವುದೂ ಪರದೆಯಲ್ಲಿ ಬಂದೂಕು ಹಾರುವುದೂ ಒಟ್ಟಿಗೆ ಕಾಣುವಂತೆ ಫೋನಿನ 240 ಫ್ರೇಮ್ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ, ನಡುವಿನ ಫ್ರೇಮ್‌ಗಳನ್ನು ಎಣಿಸಬಹುದು. ಹಲವು ಕ್ಲಿಕ್‌ಗಳ ಸರಾಸರಿ ತೆಗೆದು, ಅದೇ ಮೌಸ್‌ಗೆ ವಯರ್ ಹಾಕಿ ಮತ್ತೆ ಎಣಿಸಿ. ಒಂದು ಫ್ರೇಮ್ ಎಂದರೆ 4 ಮಿಲಿಸೆಕೆಂಡ್ ಮಿಕ್ಕಿದ್ದರಿಂದ ಒಂದು ಮಿಲಿಸೆಕೆಂಡಿನ ವ್ಯತ್ಯಾಸ ಈ ಉಪಾಯಕ್ಕೆ ಸಿಕ್ಕುವುದಿಲ್ಲ. ಆದರೆ ದುಡ್ಡು ಖರ್ಚು ಮಾಡಲು ಯೋಗ್ಯವಾದ ವ್ಯತ್ಯಾಸವಿದ್ದರೆ ಸಿಕ್ಕೇ ಸಿಗುತ್ತದೆ.

ಕ್ಲಿಕ್‌ನ ತಡಕ್ಕೆ ಪೋಲಿಂಗ್‌ಗೆ ಸಂಬಂಧವೇ ಇಲ್ಲದ ಕಾರಣವೂ ಇದೆ. ಬಟನ್‌ನೊಳಗಿನ ಲೋಹದ ಎಲೆ ಒತ್ತಿದಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ಒಂದು ಒತ್ತು ಎರಡಾಗಿ ಕಾಣದಿರಲಿ ಎಂದು ಮೌಸ್ ಸ್ವಲ್ಪ ಕಾದು ನೋಡುತ್ತದೆ. ಈ ಕಾಯುವ ಅವಧಿಯೇ ಡಿಬೌನ್ಸ್. ಕೆಲವು ಮೌಸ್‌ಗಳ ತಂತ್ರಾಂಶದಲ್ಲಿ Debounce Time ಎಂದು ಇದನ್ನು ಇಳಿಸುವ ಅವಕಾಶವಿರುತ್ತದೆ. ಒತ್ತಿದ ಕೂಡಲೇ ಸುದ್ದಿ ಕಳಿಸಿ ಆಮೇಲೆ ಕಾಯುವ ಜಾಣ ಮೌಸ್‌ಗಳಲ್ಲಿ ಇದರಿಂದ ಲಾಭವಿಲ್ಲ, ಆದರೆ ಮೊದಲು ಕಾದು ಆಮೇಲೆ ಕಳಿಸುವಂಥದ್ದಾದರೆ 8ರಿಂದ 4 ಮಿಲಿಸೆಕೆಂಡಿಗೆ ಇಳಿಸುವುದು 8000 ಹರ್ಟ್ಸ್ ಕೊಡುವ ಲಾಭಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ತೀರಾ ಇಳಿಸಿದರೆ ಒಂದು ಒತ್ತಿಗೆ ಎರಡು ಗುಂಡು ಹಾರುತ್ತವೆ, ಆಗ ಒಂದು ಮೆಟ್ಟಿಲು ಮೇಲೇರಿಸಿ.

ಹೊಸದಾಗಿ ಕೊಳ್ಳುವವರಿಗೆ ನನ್ನ ಅಭಿಪ್ರಾಯ ಹೀಗಿದೆ. ಬಜೆಟ್ ಬಿಗಿಯಿದ್ದರೆ 1000 ಹರ್ಟ್ಸ್‌ನ ಹಗುರ ವಯರ್ ಮೌಸ್ ತೆಗೆದುಕೊಂಡು, ಉಳಿದ ಹಣವನ್ನು ಮಾನಿಟರ್‌ಗೆ ಹಾಕಿ. ವಯರ್‌ನ ಎಳೆತ ಸಹಿಸಲಾಗದವರು ಹೆಸರುಳ್ಳ ಡಾಂಗಲ್ ಮೌಸ್ ಕೊಂಡು 1000ದಲ್ಲೇ ಓಡಿಸಿ, ಡಾಂಗಲ್ ಅನ್ನು ಮೇಜಿನ ಮೇಲಿಡಿ. 240 ಹರ್ಟ್ಸ್‌ಗೆ ಮೇಲ್ಪಟ್ಟ ಮಾನಿಟರ್, ಗಟ್ಟಿ ಪ್ರೊಸೆಸರ್, ವಿಂಡೋಸ್ 11 ಮೂರೂ ಇರುವವರು 2000 ಅಥವಾ 4000 ಪ್ರಯತ್ನಿಸಲಿ. 8000ವನ್ನು ಚುಕ್ಕಿಗಳೂ ಫ್ರೇಮ್ ರೇಟೂ ಒಪ್ಪಿದರೆ ಮಾತ್ರ ಇಟ್ಟುಕೊಳ್ಳಲಿ.

ವಯರ್ ಹಾಕಿದರೆ ವೇಗ ಹೆಚ್ಚೇ ಆಗುತ್ತದೆ ಎಂದು ಎಲ್ಲ ಮೌಸ್‌ಗಳ ಬಗ್ಗೆಯೂ ಹೇಳಲು ಬರುವುದಿಲ್ಲ. ಕೆಲವು ದುಬಾರಿ ವೈರ್‌ಲೆಸ್ ಮೌಸ್‌ಗಳಲ್ಲಿ ಹೈ ಸ್ಪೀಡ್ ಯುಎಸ್‌ಬಿ ಚಿಪ್ ಇರುವುದು ಡಾಂಗಲ್‌ನಲ್ಲಿ ಮಾತ್ರ, ಮೌಸ್‌ನೊಳಗಿರುವುದು ಫುಲ್ ಸ್ಪೀಡ್‌ನದು. ಅಂಥದ್ದಕ್ಕೆ ಕೇಬಲ್ ಸಿಕ್ಕಿಸಿದ ಕೂಡಲೇ 8000 ಇದ್ದದ್ದು 1000ಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ ವಯರ್‌ನಲ್ಲಿ ಎಷ್ಟು, ಡಾಂಗಲ್‌ನಲ್ಲಿ ಎಷ್ಟು ಎಂದು ಬೇರೆ ಬೇರೆ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಎರಡೂ ರೀತಿಯಲ್ಲಿ ವೃತ್ತ ತಿರುಗಿಸಿದರೆ ಚುಕ್ಕಿಗಳು 1ರ ಗೆರೆಯ ಮೇಲೆ ಕೂತಿವೆಯೋ, 0.125ರ ಗೆರೆಯ ಮೇಲೋ ಎಂಬುದು ಕೂಡಲೇ ತಿಳಿಯುತ್ತದೆ.